ಬಿಸಿಯಾದ ಬೋರ್ಡು ನಿಲ್ಲುವುದಿಲ್ಲ, ನಿಧಾನವಾಗುತ್ತದೆ

ಸದಸ್ಯ ಬಾಂಧವರಲ್ಲಿ ಕೆಲವರು ಈಚೆಗೆ ಅಡಿಕೆ ವಿಂಗಡಣೆಗೆ ಕ್ಯಾಮೆರಾ ಜೋಡಿಸಿದ ಯಂತ್ರಗಳ ಬಗ್ಗೆ ನಮ್ಮಲ್ಲಿ ವಿಚಾರಿಸುತ್ತಿದ್ದಾರೆ. ಇಂಥ ಯಂತ್ರಗಳಲ್ಲಿ ಪಟ್ಟಿಯ ಮೇಲೆ ಸಾಗುವ ಅಡಿಕೆಯ ಚಿತ್ರವನ್ನು ಕ್ಯಾಮೆರಾ ಹಿಡಿಯುತ್ತದೆ. ಅಂಗೈಯಗಲದ ಒಂದು ಗಣಕ ಬೋರ್ಡು ಆ ಚಿತ್ರವನ್ನು ನೋಡಿ ಕರಿಗೋಟು ಯಾವುದು, ಒಳ್ಳೆಯದು ಯಾವುದು ಎಂದು ತೀರ್ಮಾನಿಸುತ್ತದೆ. ಬೋರ್ಡು ಎಂದೊಡನೆ ಕಾಫಿ ಬೋರ್ಡಿನ ನೆನಪಾಗುವುದು ನಮ್ಮವರಿಗೆ ಸಹಜ. ಆದರೆ ಇಲ್ಲಿ ಹೇಳಹೊರಟಿರುವುದು ಎನ್ವಿಡಿಯಾ ಕಂಪೆನಿಯ ಜೆಟ್‌ಸನ್ ಓರಿನ್ ನ್ಯಾನೋ ಎಂಬ ಬೋರ್ಡಿನ ವಿಷಯ. ಅದನ್ನು ಇಡೀ ದಿನ ದುಡಿಸುವಾಗ ತಂಪಾಗಿ ಇಟ್ಟುಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಪಂಪ್‌ಸೆಟ್ಟಿನ ಮೋಟಾರು ಅತಿಯಾಗಿ ಕಾದರೆ ರಿಲೇ ಬಿದ್ದು ನಿಂತುಬಿಡುತ್ತದೆ, ನೀರು ಬರುತ್ತಿಲ್ಲವೆಂದು ನಮಗೆ ತಿಳಿಯುತ್ತದೆ. ಈ ಬೋರ್ಡಿನ ನಡತೆ ಬೇರೆ. ಒಳಗಿನ ಚಿಪ್ಪಿನ ಉಷ್ಣಾಂಶ 99 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಉಷ್ಣಾಂಶ 104 ಡಿಗ್ರಿಯನ್ನೂ ದಾಟಿದರೆ ಮಾತ್ರ ಪೂರ್ತಿ ಆರಿಹೋಗುತ್ತದೆ. ಇವೆರಡರ ನಡುವಿನ ಸ್ಥಿತಿಯೇ ಅಪಾಯದ್ದು. ದೀಪ ಉರಿಯುತ್ತಿರುತ್ತದೆ, ಪಟ್ಟಿ ಓಡುತ್ತಿರುತ್ತದೆ, ಆದರೆ ಸೆಕೆಂಡಿಗೆ 25 ಚಿತ್ರ ನೋಡಬೇಕಾದ ಬೋರ್ಡು 15 ಚಿತ್ರಗಳನ್ನಷ್ಟೇ ನೋಡುತ್ತಿರುತ್ತದೆ. ಉಳಿದ ಅಡಿಕೆ ಯಾರ ಕಣ್ಣಿಗೂ ಬೀಳದೆ ಚೀಲ ಸೇರುತ್ತದೆ. ಬೆಳಿಗ್ಗೆ ತುಂಬಿದ ಚೀಲ ಚೆನ್ನಾಗಿದ್ದು ಮಧ್ಯಾಹ್ನದ ಚೀಲದಲ್ಲಿ ಕರಿಗೋಟು ಸಿಕ್ಕಿತೆಂದರೆ ಮೊದಲು ಸಂಶಯಪಡಬೇಕಾದದ್ದು ಶಾಖವನ್ನು.

ಒಂದು ಸರಳ ಲೆಕ್ಕ

ಬೋರ್ಡಿನ ಬಿಸಿಗೆ ಒಂದು ಲೆಕ್ಕವಿದೆ. ಚಿಪ್ಪಿನ ಉಷ್ಣಾಂಶವೆಂದರೆ ಅದರ ಸುತ್ತಲಿನ ಗಾಳಿಯ ಉಷ್ಣಾಂಶಕ್ಕೆ ವಿದ್ಯುತ್ ಬಳಕೆಯಿಂದಾಗುವ ಏರಿಕೆಯನ್ನು ಕೂಡಿಸಿದಷ್ಟು. ಒಂದು ವ್ಯಾಟ್ ಬಳಕೆಗೆ ಎಷ್ಟು ಡಿಗ್ರಿ ಏರುತ್ತದೆಂಬುದು ಹೀಟ್‌ಸಿಂಕ್ ಮತ್ತು ಫ್ಯಾನಿನ ಯೋಗ್ಯತೆಯ ಮೇಲೆ ನಿಂತಿದೆ. ನಾವು ಕೈಯಾಡಿಸಬಹುದಾದದ್ದು ಈ ಮೂರರಲ್ಲಿ ಮಾತ್ರ: ಸುತ್ತಲಿನ ಗಾಳಿ, ಬಳಸುವ ವ್ಯಾಟ್, ಮತ್ತು ವ್ಯಾಟಿಗೆ ಏರುವ ಡಿಗ್ರಿ.

ಅಳತೆಗೆ ಬೇಕಾದ ಸಾಧನ ಬೋರ್ಡಿನಲ್ಲಿಯೇ ಇದೆ. ಕೆಳಗಿನ ಆಜ್ಞೆ ಕೊಟ್ಟರೆ ಐದು ಸೆಕೆಂಡಿಗೊಮ್ಮೆ ಒಂದು ಸಾಲು ಮೂಡುತ್ತದೆ.

```
sudo tegrastats --interval 5000
```

ಆ ಸಾಲಿನಲ್ಲಿ `tj@` ಎಂಬುದರ ಮುಂದಿರುವ ಅಂಕಿ ಚಿಪ್ಪಿನಲ್ಲಿ ಅತಿ ಬಿಸಿಯಾಗಿರುವ ಜಾಗದ ಉಷ್ಣಾಂಶ. `VDD_IN` ಎಂಬುದರ ಮುಂದಿರುವುದು ಮಿಲಿವ್ಯಾಟಿನಲ್ಲಿ ಬಳಕೆ. ಅಲ್ಲಿ 15000 ಎಂದಿದ್ದರೆ 15 ವ್ಯಾಟ್ ಎಂದರ್ಥ. ಗಾಳಿಯ ಉಷ್ಣಾಂಶ ನೋಡಲು ಸಾಧಾರಣ ಥರ್ಮಾಮೀಟರು ಸಾಕು. ಆದರೆ ಅದನ್ನು ಗೋಡೆಗೆ ತೂಗುಹಾಕದೆ ಬೋರ್ಡಿನ ಫ್ಯಾನು ಗಾಳಿ ಎಳೆದುಕೊಳ್ಳುವ ಜಾಗದಲ್ಲಿಯೇ ಇಡಬೇಕು.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಮಧ್ಯಾಹ್ನ ಎರಡು ಗಂಟೆಗೆ ಶೆಡ್ಡಿನ ಗಾಳಿ 34 ಡಿಗ್ರಿ. ಪೆಟ್ಟಿಗೆಯ ಬಾಗಿಲು ತೆರೆದಿಟ್ಟು 15 ವ್ಯಾಟಿನಲ್ಲಿ ದುಡಿಸಿದಾಗ ಚಿಪ್ಪು 64 ಡಿಗ್ರಿಗೆ ಬಂದು ಅಲ್ಲಿಯೇ ನಿಂತಿತು. ಏರಿಕೆ 30 ಡಿಗ್ರಿ, ಅಂದರೆ ವ್ಯಾಟಿಗೆ 2 ಡಿಗ್ರಿ. ಇದನ್ನೇ 25 ವ್ಯಾಟಿನಲ್ಲಿ ದುಡಿಸಿದರೆ ಏರಿಕೆ 50 ಡಿಗ್ರಿಯಾಗಿ ಚಿಪ್ಪು 84ಕ್ಕೆ ನಿಲ್ಲುತ್ತದೆ. ಇದಕ್ಕೂ ಚಿಂತೆಯಿಲ್ಲ.

ಈಗ ಧೂಳು ಬರಬಾರದೆಂದು ಪೆಟ್ಟಿಗೆಯನ್ನು ಮುಚ್ಚಿದೆವೆನ್ನಿ. ಬಿಸಿ ಹೊರಹೋಗಲು ದಾರಿಯಿಲ್ಲದೆ 25 ವ್ಯಾಟಿನಲ್ಲಿ ಪೆಟ್ಟಿಗೆಯೊಳಗಿನ ಗಾಳಿಯೇ 52 ಡಿಗ್ರಿಗೆ ಏರಿತು. ಅದಕ್ಕೆ 50 ಕೂಡಿಸಿದರೆ 102. ಅಷ್ಟರೊಳಗೇ, 99ರಲ್ಲಿಯೇ, ಬೋರ್ಡು ವೇಗ ತಗ್ಗಿಸಿಕೊಂಡಿರುತ್ತದೆ. ಅದೇ ಮುಚ್ಚಿದ ಪೆಟ್ಟಿಗೆಯಲ್ಲಿ 15 ವ್ಯಾಟಿನಲ್ಲಿ ದುಡಿಸಿದರೆ ಒಳಗಿನ ಗಾಳಿ ಸುಮಾರು 45 ಡಿಗ್ರಿಗೆ ನಿಲ್ಲುತ್ತದೆ. ಅದರ ಮೇಲೆ 30 ಏರಿ ಚಿಪ್ಪು 75ರಲ್ಲಿ ಇರುತ್ತದೆ.

ಇನ್ನು ತಿಂಗಳೊಂದು ಕಳೆದು ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ಸಿಪ್ಪೆಯ ಧೂಳು ಕೂತು, ವ್ಯಾಟಿಗೆ 2 ಡಿಗ್ರಿ ಇದ್ದದ್ದು 2.6 ಆಯಿತೆನ್ನೋಣ. ಬಾಗಿಲು ತೆರೆದಿದ್ದರೂ 25 ವ್ಯಾಟಿಗೆ 65 ಡಿಗ್ರಿ ಏರಿ ಸರಿಯಾಗಿ 99 ಆಗುತ್ತದೆ. ಮುಚ್ಚಿದ ಪೆಟ್ಟಿಗೆಯ 15 ವ್ಯಾಟಿನಲ್ಲಾದರೆ 84. ಮೊದಲ ದಿನ ಚೆನ್ನಾಗಿ ನಡೆದ ಯಂತ್ರ ಸುಗ್ಗಿಯ ನಡುವೆ ಕೈಕೊಡುವುದು ಹೀಗೆ. ಈ ಅಂಕಿಗಳು ಲೆಕ್ಕ ತಿಳಿಸಲು ಕೊಟ್ಟವು. ತಮ್ಮ ಯಂತ್ರದ ಅಂಕಿಗಳನ್ನು ತಾವೇ ಅಳೆದುಕೊಳ್ಳಬೇಕು. ಚಿಪ್ಪಿನ ಉಷ್ಣಾಂಶ ಒಂದು ಮಟ್ಟಕ್ಕೆ ಬಂದು ನಿಲ್ಲಲು ಸುಮಾರು ಅರ್ಧ ಗಂಟೆ ಬೇಕಾದರೆ ಮುಚ್ಚಿದ ಪೆಟ್ಟಿಗೆಯ ಗಾಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಆದ್ದರಿಂದ ಯಂತ್ರ ಮಾರುವವರು ಹತ್ತು ನಿಮಿಷ ಓಡಿಸಿ ತೋರಿಸಿದ್ದನ್ನು ನಂಬದೆ ಮೂರನೆಯ ಗಂಟೆಯ ಅಂಕಿಯನ್ನು ಕೇಳತಕ್ಕದ್ದು.

ಪವರ್ ಮೋಡ್

ಎಷ್ಟು ವ್ಯಾಟ್ ಬಳಸಬಹುದೆಂಬ ಮಿತಿಯನ್ನು ಪವರ್ ಮೋಡ್ ಗೊತ್ತುಮಾಡುತ್ತದೆ. 8 ಜಿಬಿ ಸ್ಮರಣೆಯ ಓರಿನ್ ನ್ಯಾನೋ ಬೋರ್ಡಿಗೆ ಮೊದಲು 7 ಮತ್ತು 15 ವ್ಯಾಟಿನ ಮೋಡ್‌ಗಳಿದ್ದವು. 2025ರ ಜನವರಿಯಲ್ಲಿ ಬಂದ ಜೆಟ್‌ಪ್ಯಾಕ್ 6.2 ತಂತ್ರಾಂಶದೊಡನೆ 25 ವ್ಯಾಟಿನ ಮೋಡ್ ಮತ್ತು `MAXN SUPER` ಎಂಬ ಮಿತಿಯಿಲ್ಲದ ಮೋಡ್ ಸೇರಿದವು. ಈಗ ಯಾವುದರಲ್ಲಿದೆ ಎಂದು ನೋಡಲು, ಮತ್ತು ಬದಲಿಸಲು, ಆಜ್ಞೆಗಳು ಇವು.

```
sudo nvpmodel -q
sudo nvpmodel -m 0
```

ಎರಡನೆಯ ಸಾಲಿನ ಕೊನೆಯ ಅಂಕಿ ಮೋಡಿನ ಸಂಖ್ಯೆ. ತಂತ್ರಾಂಶದ ಆವೃತ್ತಿ ಬದಲಾದಂತೆ ಈ ಸಂಖ್ಯೆಗಳೂ ಬದಲಾಗಬಹುದು. ಆದಕಾರಣ `/etc/nvpmodel.conf` ಕಡತದಲ್ಲಿ ಯಾವ ಸಂಖ್ಯೆಗೆ ಯಾವ ಮೋಡ್ ಎಂದು ನೋಡಿಕೊಂಡೇ ಬದಲಿಸಬೇಕು. ಒಮ್ಮೆ ಬದಲಿಸಿದರೆ ಕರೆಂಟು ಹೋಗಿ ಬಂದರೂ ಅದೇ ಮೋಡ್ ಉಳಿಯುತ್ತದೆ.

ಮಿತಿಯಿಲ್ಲದ ಮೋಡ್ ಅಂದಾಕ್ಷಣ ಅದೇ ಉತ್ತಮವೆಂದು ಹಲವರು ಭಾವಿಸುತ್ತಾರೆ. ಅದರಲ್ಲಿ ಬಳಕೆಯು ಬೋರ್ಡಿನ ಅಂಕೆ ಮೀರಿದರೆ ಬೋರ್ಡು ತಾನೇ ವೇಗ ಇಳಿಸುತ್ತದೆ, ಮತ್ತೆ ಏರಿಸುತ್ತದೆ. ವಿಂಗಡಣೆಗೆ ಈ ಏರಿಳಿತ ಆಗಿಬರುವುದಿಲ್ಲ. ಪಟ್ಟಿಯ ವೇಗ ಒಂದೇ ಆಗಿರುವುದರಿಂದ ಚಿತ್ರ ನೋಡುವ ವೇಗವೂ ಒಂದೇ ಆಗಿರಬೇಕು. 15 ವ್ಯಾಟಿನಲ್ಲಿ ಸೆಕೆಂಡಿಗೆ 25 ಚಿತ್ರ ನೋಡಲು ಸಾಧ್ಯವಾದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಸಾಲದೆ ಹೋದರೆ 25 ವ್ಯಾಟಿಗೆ ಹೋಗಬಹುದು. ಆದರೆ ಅದಕ್ಕೆ ಮೊದಲು ಪೆಟ್ಟಿಗೆಗೆ ಗಾಳಿಯ ದಾರಿ ಮಾಡಬೇಕು. ಅದೂ ಆಗದಿದ್ದರೆ ಪಟ್ಟಿಯ ವೇಗವನ್ನು ಕಡಿಮೆ ಮಾಡುವುದೇ ಪ್ರಾಮಾಣಿಕವಾದ ದಾರಿ. `jetson_clocks` ಎಂಬ ಇನ್ನೊಂದು ಆಜ್ಞೆಯಿದೆ. ಅದು ಆಯ್ದ ಮೋಡಿನ ಮಿತಿಯೊಳಗಿನ ಗರಿಷ್ಠ ವೇಗಕ್ಕೆ ಬೋರ್ಡನ್ನು ಕಟ್ಟಿಹಾಕುತ್ತದೆ. ಕೆಲಸವಿಲ್ಲದಾಗಲೂ ವೇಗ ಇಳಿಯದಿರುವುದರಿಂದ ಶಾಖ ಹೆಚ್ಚು, ಮತ್ತು ಬೋರ್ಡು ಆರಿ ಹೊತ್ತಿದರೆ ಇದು ರದ್ದಾಗಿರುತ್ತದೆ.

ಹೀಟ್‌ಸಿಂಕ್ ಮತ್ತು ಫ್ಯಾನ್

ಡೆವಲಪರ್ ಕಿಟ್ ಎಂದು ಮಾರುವ ಬೋರ್ಡಿನ ಜೊತೆಗೆ ಫ್ಯಾನ್ ಕೂಡಿಸಿದ ಹೀಟ್‌ಸಿಂಕ್ ಬರುತ್ತದೆ. ಅದನ್ನು ಬಿಚ್ಚದಿರುವುದೇ ಒಳ್ಳೆಯದು. ಬಿಚ್ಚಲೇಬೇಕಾಗಿ ಬಂದರೆ ಚಿಪ್ಪಿನ ಮೇಲಿನ ಹಳೆಯ ಪೇಸ್ಟನ್ನು ಪೂರ್ತಿ ಒರೆಸಿ ಹೊಸದಾಗಿ ತೆಳ್ಳಗೆ ಹಚ್ಚಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದು ಮೂಲೆ ಎದ್ದಿದ್ದರೂ ವ್ಯಾಟಿಗೆ ಏರುವ ಡಿಗ್ರಿ ಹೆಚ್ಚಾದದ್ದು ಲೆಕ್ಕದಲ್ಲಿ ಕಂಡುಬರುತ್ತದೆ.

ಪೆಟ್ಟಿಗೆಗೆ ಕೆಳಭಾಗದಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ, ಎದುರು ಬದಿಯ ಮೇಲ್ಭಾಗದಲ್ಲಿ ಬಿಸಿ ಹೊರದೂಡುವ ಫ್ಯಾನು ಇರಲಿ. ಕಿಂಡಿಗೆ ತೊಳೆಯಬಲ್ಲ ಸ್ಪಂಜಿನ ಫಿಲ್ಟರು ಹಾಕಿ, ಸುಲಿಯುವ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಡ್ರೈಯರಿನ ಪಕ್ಕದ ಗೋಡೆಗೆ ಪೆಟ್ಟಿಗೆ ಕೂರಿಸಬಾರದು. ಅಲ್ಲಿ ಗಾಳಿ ಹತ್ತು ಡಿಗ್ರಿ ಹೆಚ್ಚಿದ್ದರೆ ಚಿಪ್ಪೂ ಹತ್ತು ಡಿಗ್ರಿ ಹೆಚ್ಚೇ ಇರುತ್ತದೆ. ಅದನ್ನು ಯಾವ ಹೀಟ್‌ಸಿಂಕೂ ಕಳೆಯಲಾರದು.

ಬೋರ್ಡಿನ ಫ್ಯಾನನ್ನು ನಡೆಸುವುದು `nvfancontrol` ಎಂಬ ತಂತ್ರಾಂಶ. ಇದಕ್ಕೆ `quiet` ಮತ್ತು `cool` ಎಂಬ ಎರಡು ಕ್ರಮಗಳಿವೆ. ಮೊದಲನೆಯದು ಸದ್ದಾಗಬಾರದೆಂದು ಫ್ಯಾನನ್ನು ತಡವಾಗಿ ವೇಗಗೊಳಿಸುತ್ತದೆ. ಎರಡನೆಯದು ಬೇಗನೆ ವೇಗಗೊಳಿಸುತ್ತದೆ. ಸುಲಿಯುವ ಯಂತ್ರದ ಗದ್ದಲದ ನಡುವೆ ಫ್ಯಾನಿನ ಸದ್ದಿಗೆ ಅಂಜಬೇಕಾದದ್ದೇನೂ ಇಲ್ಲ. `/etc/nvfancontrol.conf` ಕಡತದಲ್ಲಿ `FAN_DEFAULT_PROFILE` ಎಂಬುದರ ಮುಂದೆ `cool` ಎಂದು ಬರೆದು, ಹಳೆಯ ಸ್ಥಿತಿಯನ್ನು ಅಳಿಸಿ ಮತ್ತೆ ಪ್ರಾರಂಭಿಸಬೇಕು.

```
sudo systemctl stop nvfancontrol
sudo rm /var/lib/nvfancontrol/status
sudo systemctl start nvfancontrol
sudo nvfancontrol -q
```

ಮಧ್ಯದ ಸಾಲನ್ನು ಬಿಟ್ಟರೆ ಹಳೆಯ ಕ್ರಮವೇ ಮುಂದುವರಿಯುತ್ತದೆ. ಕೊನೆಯ ಸಾಲು ಈಗಿನ ಕ್ರಮ ಯಾವುದೆಂದು ತೋರಿಸುತ್ತದೆ.

ಶಾಖವೋ, ಕರೆಂಟೋ?

ವೇಗ ತಗ್ಗಿದಾಗಲೆಲ್ಲ ಶಾಖವೇ ಕಾರಣವೆನ್ನುವಂತಿಲ್ಲ. ಒಮ್ಮೆಗೇ ಹೆಚ್ಚು ವಿದ್ಯುತ್ ಎಳೆದುಕೊಂಡರೂ ಬೋರ್ಡು ವೇಗ ತಗ್ಗಿಸುತ್ತದೆ. ಆಗ ಪರದೆಯ ಮೇಲೆ `System throttled due to over-current` ಎಂಬ ಸೂಚನೆ ಮೂಡುತ್ತದೆ. ಪರದೆಯಿಲ್ಲದ ಪೆಟ್ಟಿಗೆಯಲ್ಲಿ ಹೀಗೆ ನೋಡಬಹುದು.

```
grep "" /sys/class/hwmon/hwmon*/oc*_event_cnt
```

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈ ಅಂಕಿ ಬರೆದಿಟ್ಟುಕೊಳ್ಳಿ. `tj` ಅಂಕಿ 70ರ ಆಸುಪಾಸಿನಲ್ಲಿಯೇ ಇದ್ದು ಈ ಎಣಿಕೆ ಏರುತ್ತಿದ್ದರೆ ಹೀಟ್‌ಸಿಂಕ್ ಬದಲಿಸಿ ಪ್ರಯೋಜನವಿಲ್ಲ, ಒಂದು ಮೋಡ್ ಕೆಳಗಿಳಿಯಬೇಕು. ಎಣಿಕೆ ಹಾಗೆಯೇ ಇದ್ದು `tj` 95 ದಾಟುತ್ತಿದ್ದರೆ ಅದು ಶಾಖದ ಕೆಲಸ. ಎರಡೂ ಇಲ್ಲದೆ ಬೋರ್ಡು ಇದ್ದಕ್ಕಿದ್ದಂತೆ ಆರಿ ಹೊತ್ತುತ್ತಿದ್ದರೆ ಅಡಾಪ್ಟರನ್ನೂ ಲೈನಿನ ವೋಲ್ಟೇಜನ್ನೂ ನೋಡಿ. ಕಿಟ್ಟಿನ ಜೊತೆ ಬರುವುದು 19 ವೋಲ್ಟಿನ ಅಡಾಪ್ಟರು. ಅದನ್ನೇ ಬಳಸಿ, ಯುಪಿಎಸ್ ಮೂಲಕ ಕೊಡುವುದು ನಮ್ಮ ಕಡೆಯ ಲೈನುಗಳಿಗೆ ತಕ್ಕದ್ದು.

ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿ, ವಾರಕ್ಕೊಮ್ಮೆ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ಅಂಕಿ ಬರೆಯಿರಿ: ಗಾಳಿಯ ಡಿಗ್ರಿ, ಚಿಪ್ಪಿನ ಡಿಗ್ರಿ, ವ್ಯಾಟ್, ಸೆಕೆಂಡಿಗೆ ನೋಡಿದ ಚಿತ್ರ. ಚಿಪ್ಪಿನಿಂದ ಗಾಳಿಯನ್ನು ಕಳೆದು ವ್ಯಾಟಿನಿಂದ ಭಾಗಿಸಿ. ಕಳೆದ ವಾರಕ್ಕಿಂತ ಆ ಉತ್ತರ ಹೆಚ್ಚಿದ್ದರೆ ರೆಕ್ಕೆಗಳ ಧೂಳು ಊದಿ, ಫ್ಯಾನು ತಿರುಗುತ್ತಿದೆಯೇ ನೋಡಿ. ಉತ್ತರ ಅಷ್ಟೇ ಇದ್ದು ಚಿಪ್ಪು ಮಾತ್ರ ಬಿಸಿಯಾಗಿದ್ದರೆ ಗಾಳಿಯ ದಾರಿಯಲ್ಲಿ ದೋಷವಿದೆ, ಅಥವಾ ಬಳಕೆ ಹೆಚ್ಚಿದೆ. ಯಾವುದೆಂಬುದನ್ನು ಪಕ್ಕದ ಅಂಕಿಗಳೇ ಹೇಳುತ್ತವೆ.