ಚಿಬ್ಬೋ, ತೊನ್ನೋ?

ಮುಖದ ಮೇಲೆ ಬಿಳಿಚಿದ ಒಂದು ಕಲೆ ಕಂಡರೆ ಸಾಕು, ಮನೆಯವರಿಗೆಲ್ಲ ಮೊದಲು ಹೊಳೆಯುವುದು ತೊನ್ನು. ಮದುವೆ ಮಾತುಕತೆ ನಡೆಯುತ್ತಿದ್ದರಂತೂ ಯಾರಿಗೂ ಅನ್ನ ಸೇರದು. ಎಷ್ಟೋ ಸಲ ಅದು ಬರೀ ಚಿಬ್ಬು.

ಮಂಗಳೂರಿನ ಸೆಕೆಯಲ್ಲಿ ದಿನವಿಡೀ ಬೆವರುವ ಬಸ್ ಕಂಡಕ್ಟರ್ ಒಬ್ಬರನ್ನು ಊಹಿಸಿಕೊಳ್ಳಿ. ಎದೆ, ಕುತ್ತಿಗೆಯಲ್ಲಿ ಎದ್ದ ಕಾಸಿನಗಲದ ಮಸುಕು ಕಲೆಗಳು ಒಂದಕ್ಕೊಂದು ಕೂಡಿಕೊಂಡು ಕೆನ್ನೆಯ ಅಂಚಿಗೆ ಬಂದಿವೆ. ಉಗುರಿನಿಂದ ಮೆಲ್ಲಗೆ ಕೆರೆದರೆ ನವಿರಾದ ಹೊಟ್ಟು ಏಳುತ್ತದೆ. ಇದು ಚಿಬ್ಬಿನ ಗುರುತು. ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ಚರ್ಮದಲ್ಲೂ ಇರುತ್ತದೆ. ಬೆವರು, ಜಿಡ್ಡು ಹೆಚ್ಚಾದಾಗ ಬೆಳೆದು, ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಬಣ್ಣ ಕೊಡುವ ಕಣಗಳು ಮಾತ್ರ ಜೀವಂತವಾಗಿಯೇ ಇರುತ್ತವೆ.

ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಆ ಕಣಗಳನ್ನು ನಾಶಮಾಡುತ್ತದೆ. ಹಾಗಾಗಿ ಕಲೆ ಸುಣ್ಣ ಬಳಿದಷ್ಟು ಬಿಳುಪು, ಅಂಚು ಸ್ಪಷ್ಟ, ಹೊಟ್ಟು ಇಲ್ಲ. ಬೆರಳ ತುದಿ, ಗೆಣ್ಣು, ತುಟಿ, ಕಣ್ಣಿನ ಸುತ್ತ ಅದಕ್ಕೆ ಇಷ್ಟದ ಜಾಗಗಳು. ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಲೆಯ ಮೇಲಿನ ಕೂದಲೂ ಬೆಳ್ಳಗಾಗಬಹುದು. ಬೆರಳುಗಳಲ್ಲಿ ಚಿಬ್ಬು ಬರುವುದು ತೀರಾ ಅಪರೂಪ.

ಕಷ್ಟವಾಗುವುದು ಆರಂಭದಲ್ಲಿ. ಹೊಸ ತೊನ್ನು ಮಸುಕಾಗಿರಬಹುದು. ಆಗಷ್ಟೇ ಉಜ್ಜಿ ಸ್ನಾನ ಮಾಡಿದ್ದರೆ ಚಿಬ್ಬಿನಲ್ಲೂ ಹೊಟ್ಟು ಕಾಣದು. ಆಗ ಚರ್ಮರೋಗ ತಜ್ಞರು ಕತ್ತಲ ಕೋಣೆಯಲ್ಲಿ ವುಡ್ಸ್ ದೀಪದ ಅತಿನೇರಳೆ ಬೆಳಕು ಬಿಡುತ್ತಾರೆ. ತೊನ್ನು ನೀಲಿಬಿಳುಪಾಗಿ ಥಳಥಳಿಸುತ್ತದೆ. ಚಿಬ್ಬು ಹಲವರಲ್ಲಿ ಹಳದಿಯಾಗಿ ಹೊಳೆಯುತ್ತದೆ, ಕೆಲವರಲ್ಲಿ ಹೊಳೆಯುವುದೇ ಇಲ್ಲ. ಇನ್ನೂ ಸಂಶಯವಿದ್ದರೆ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ; ಚಿಬ್ಬಾದರೆ ತುಂಡು ದಾರಗಳ ನಡುವೆ ಮಣಿ ಚೆಲ್ಲಿದಂತೆ ಶಿಲೀಂಧ್ರ ಕಾಣುತ್ತದೆ.

ಚಿಬ್ಬಿಗೆ ಸಾಮಾನ್ಯವಾಗಿ ಶೇ. 2ರ ಕೀಟೋಕೊನಜೋಲ್ ಶಾಂಪೂ ಬರೆದುಕೊಡುತ್ತಾರೆ. ಕಲೆಯ ಜಾಗಕ್ಕೆ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಬೇಕು. ಎಷ್ಟು ದಿನವೆಂಬುದನ್ನು ವೈದ್ಯರು ಹೇಳುತ್ತಾರೆ. ಜನ ಎಡವುವುದು ಇದರ ನಂತರ. ಶಿಲೀಂಧ್ರ ಬೇಗ ಸತ್ತರೂ ಚರ್ಮದ ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಬಿಳುಪು ಹೋಗಲಿಲ್ಲವೆಂದು ಹೆದರಿ ಅದನ್ನು ತೊನ್ನೆಂದೇ ತೀರ್ಮಾನಿಸಿಬಿಡುತ್ತಾರೆ. ಕೆರೆದಾಗ ಹೊಟ್ಟು ಏಳದಿದ್ದರೆ ಔಷಧಿ ಕೆಲಸ ಮಾಡಿದೆಯೆಂದೇ ಬಹುಮಟ್ಟಿಗೆ ತಿಳಿಯಬಹುದು. ಈ ಹಂತದಲ್ಲಿ ಮೆಡಿಕಲ್ ಶಾಪಿನಿಂದ ತಾವೇ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚುವುದು ನಿಜಕ್ಕೂ ಅಪಾಯಕಾರಿ: ಮುಖದ ಚರ್ಮ ತೆಳುವಾಗುತ್ತದೆ, ಅದರಿಂದಲೇ ಬಣ್ಣ ಇನ್ನಷ್ಟು ಮಾಸಬಹುದು.

ತೊನ್ನಿಗೂ ಮುಲಾಮು, ಬೆಳಕಿನ ಚಿಕಿತ್ಸೆಗಳಿವೆ. ಮುಖದ ಕಲೆಗಳಲ್ಲಿ ಬಣ್ಣ ಮರಳುವ ಸಾಧ್ಯತೆ ಹೆಚ್ಚು, ಬೆರಳ ತುದಿಯಲ್ಲಿ ಕಡಿಮೆ. ಮುಟ್ಟಿದರೆ ಅದು ಹರಡುವುದಿಲ್ಲ.

ಇವೆರಡರಲ್ಲೂ ಸ್ಪರ್ಶಜ್ಞಾನ ಹೋಗುವುದಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಸವರಿದಾಗ ಕಲೆಯ ಮೇಲೆ ಏನೂ ತಿಳಿಯದಿದ್ದರೆ ಕುಷ್ಠರೋಗದ ಪರೀಕ್ಷೆ ತಡಮಾಡದೆ ಆಗಬೇಕು. ಅದರ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.