ಒಂದು ಹಳದಿ, ಎರಡು ಬಿಳಿ



ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ರಕ್ತದ ರಿಪೋರ್ಟ್ ಬಂದಾಗಿನಿಂದ ನೀವು ತತ್ತಿ ಮುಟ್ಟುತ್ತಿಲ್ಲವಂತೆ. ಅವ್ವ ಫೋನಿನಲ್ಲಿ ಹೇಳಿದಳು. ಅಷ್ಟು ಕಠಿಣ ಪಥ್ಯ ಬೇಕಿಲ್ಲ ಅಪ್ಪಾ.

ತತ್ತಿಯ ಕೊಲೆಸ್ಟ್ರಾಲ್ ಇರುವುದೆಲ್ಲ ಹಳದಿಯಲ್ಲಿ, ಒಂದಕ್ಕೆ ಸುಮಾರು 185 ಮಿಲಿಗ್ರಾಂ. ಬಿಳಿಯಲ್ಲಿ ಅದು ಇಲ್ಲವೇ ಇಲ್ಲ. ಆದರೆ ರಕ್ತದಲ್ಲಿ ಎಲ್‌ಡಿಎಲ್ ಏರುವುದಕ್ಕೆ ತಿಂದ ಕೊಲೆಸ್ಟ್ರಾಲ್‌ಗಿಂತ ಬೆಣ್ಣೆ, ಡಾಲ್ಡಾ, ಪಾಮ್ ಎಣ್ಣೆಯ ಕೊಬ್ಬು ದೊಡ್ಡ ಕಾರಣ. ಎಲ್‌ಡಿಎಲ್ಲನ್ನು ರಕ್ತದಿಂದ ಹೀರಿ ತೆಗೆಯುವ ಯಕೃತ್ತಿನ ಕೆಲಸವನ್ನು ಆ ಕೊಬ್ಬು ನಿಧಾನ ಮಾಡುತ್ತದೆ. ಇಡೀ ತತ್ತಿಯಲ್ಲಿ ಅಂಥ ಕೊಬ್ಬು ಸುಮಾರು ಒಂದೂವರೆ ಗ್ರಾಂ; ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಏಳು ಗ್ರಾಂ. ಸಂಜೆ ಗಾಡಿಯ ಮುಂದೆ ನಿಂತು ತಿನ್ನುವ ಆಮ್ಲೆಟ್‌ನಲ್ಲಿ ಎರಡು ಹಳದಿಯ ಜೊತೆ ಪಾವಿಗೆ ಸವರಿದ ಬೆಣ್ಣೆಯೂ ಸೇರುತ್ತದೆ. ಬಿಡಬೇಕಾದದ್ದು ಮೊದಲು ಆ ಬೆಣ್ಣೆಯನ್ನು.

ಮನೆಯಲ್ಲಿ ಬುರ್ಜಿ ಮಾಡಿಸಿಕೊಳ್ಳಿ: ಒಂದು ಇಡೀ ತತ್ತಿ, ಇನ್ನೆರಡರ ಬಿಳಿ ಮಾತ್ರ. ರುಚಿ, ಬಣ್ಣ ಎರಡಕ್ಕೂ ಒಂದು ಹಳದಿ ಸಾಕು. ಎಣ್ಣೆಗೆ ನಮ್ಮ ಎರೆ ಹೊಲದ ಕುಸುಬಿಯೇ ಇರಲಿ. ಅದರ ಕೊಬ್ಬು ಬೆಣ್ಣೆಯ ಜಾಗಕ್ಕೆ ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಸಣ್ಣ ಚಮಚ ಒಂದೇ ಸಾಕು. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ, ಆದ್ದರಿಂದ ಉರಿ ಸಣ್ಣಗಿರಬೇಕು.

ಆ ಸಣ್ಣ ಉರಿಯಲ್ಲೇ ಅವ್ವನ ಕೈಚಳಕ ಕಾಣುವುದು. ಅವಳು ಮೊದಲು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಾಡಿಸಿ, ಮೆಂತ್ಯ ಸೊಪ್ಪು ಹಾಕಿ ಅದರ ನೀರು ಆರುವ ತನಕ ಕಾಯುತ್ತಾಳೆ. ಅವಸರ ಮಾಡಿದರೆ ಆ ನೀರೇ ಬುರ್ಜಿಯನ್ನು ಸಪ್ಪೆ ಮಾಡುತ್ತದೆ. ಆಮೇಲೆ ಕಲಕಿದ ತತ್ತಿ ಸುರಿದು, ಬಾಣಲೆಯ ಅಂಚಿನಿಂದ ನಡುವಿಗೆ ಮೆಲ್ಲಗೆ ಎಳೆಯುತ್ತಾಳೆ. ಹಳದಿ ಕಡಿಮೆಯಾದ ಬುರ್ಜಿ ಬೇಗ ಗಟ್ಟಿಯಾಗುತ್ತದೆ. ಉರಿ ಜೋರಾದರೆ ಬಿಳಿ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ತಳದಲ್ಲಿ ತಿಳಿನೀರು ಕಂಡಿತೆಂದರೆ ಉರಿ ಹೆಚ್ಚಾಯಿತು ಎಂದೇ ಲೆಕ್ಕ. ಹಸಿ ತತ್ತಿ ಹರಿಯುವುದು ನಿಂತು, ಮೇಲೆ ತೇವದ ಹೊಳಪು ಇರುವಾಗಲೇ ಇಳಿಸಬೇಕು. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ವಾರಕ್ಕೆ ಮೂರು ಸಲ ಹೀಗೆ ತಿಂದರೆ ಮೂರೇ ಹಳದಿ ಆಯಿತು. ಡಾಕ್ಟರಿಗೆ ಈ ಲೆಕ್ಕವನ್ನು ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯೂ ಇದ್ದರೆ ಅವರು ಇನ್ನೂ ಕಡಿಮೆ ಮಾಡಿ ಎನ್ನಬಹುದು, ಮನೆತನದಿಂದಲೇ ಬಂದ ಕೊಲೆಸ್ಟ್ರಾಲ್ ಆಗಿದ್ದರೂ ಹಾಗೆಯೇ. ಕೆಲವರ ದೇಹ ಹಳದಿಗೆ ಉಳಿದವರಿಗಿಂತ ಹೆಚ್ಚು ಸ್ಪಂದಿಸುತ್ತದೆ. ನಿಮ್ಮದು ಹೇಗೆಂದು ರಕ್ತವೇ ಹೇಳಬೇಕು. ಎರಡು-ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ, ಎಲ್‌ಡಿಎಲ್ ಸಾಲನ್ನು ನನಗೆ ಓದಿ ಹೇಳಿ. ಅಲ್ಲಿಯವರೆಗೆ ರಾತ್ರಿಯ ಗುಳಿಗೆ ಒಂದು ದಿನವೂ ತಪ್ಪಬಾರದು.

ನಿಮ್ಮ ಮಗಳು