ಪುಟದ ಮಡಿಕೆಯಲ್ಲಿ ಅಡಗಿದ್ದ ಹತ್ತು ಸಾವಿರ

ಅಣ್ಣನ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಗೆಳತಿಯ ಕಾಸ್ಟ್ ಅಕೌಂಟಿಂಗ್ ಪುಸ್ತಕದ ಎಡಗಡೆ ಪುಟ. ಮೇಲೆ ಟ್ಯೂಬ್‌ಲೈಟಿನ ಬಿಳಿ ಪಟ್ಟೆ, ಕೆಳಗೆ ಪುಸ್ತಕ ಹಿಡಿದವರ ಹೆಬ್ಬೆರಳು.

“ಚಿಕ್ಕಪ್ಪ, ಬ್ರೇಕ್ ಈವನ್ನೂ ಮಾರ್ಜಿನ್ ಆಫ್ ಸೇಫ್ಟಿನೂ ಕಂಡುಹಿಡೀಬೇಕು. ನನಗೆ 4,800 ಬರ್ತಿದೆ, ಅವಳಿಗೆ 6,000 ಬಂದಿದೆಯಂತೆ. ಮೂರು ಸಲ ಮಾಡಿದೆ, ನನ್ನ ಲೆಕ್ಕದಲ್ಲಿ ತಪ್ಪೇ ಸಿಗ್ತಿಲ್ಲ.”

ಫೋಟೊ ದೊಡ್ಡದು ಮಾಡಿ ನೋಡಿದೆ. ಒಂದು ವಸ್ತುವಿನ ಮಾರಾಟದ ಬೆಲೆ 50 ರೂಪಾಯಿ. ಕಚ್ಚಾ ಸಾಮಗ್ರಿಗೆ 18, ಕೂಲಿಗೆ 9, ಬದಲಾಗುವ ಓವರ್‌ಹೆಡ್‌ಗೆ 3, ಸ್ಥಿರ ಓವರ್‌ಹೆಡ್‌ಗೆ 12. ಒಟ್ಟು 42. ವರ್ಷದಲ್ಲಿ ತಯಾರಾಗಿ ಮಾರಾಟವಾದದ್ದು 8,000. ವಸ್ತು ಯಾವುದೆಂದು ಪುಸ್ತಕ ಹೇಳಿರಲಿಲ್ಲ. ಕಣ್ಣಿಗೆ ಕಟ್ಟಲಿ ಎಂದು ಬಟ್ಟೆಯ ಕೈಚೀಲ ಅಂದುಕೊಳ್ಳೋಣ ಎಂದೆ.

18 ಎಂಬುದು ಫೋಟೊದಲ್ಲಿ 13ರ ಹಾಗೂ ಕಾಣುತ್ತಿತ್ತು. ಆ ಅನುಮಾನ ಬೇಗ ಬಗೆಹರಿಯಿತು. 13 ಆಗಿದ್ದರೆ ಒಟ್ಟು 37 ಬರಬೇಕು, ಅಚ್ಚಾದದ್ದು 42. ಮಸುಕಾದ ಅಂಕಿ ಸಿಕ್ಕಾಗ ನಾನು ಮೊದಲು ಹುಡುಕುವುದು ಆ ಪಟ್ಟಿಯ ಕೊನೆಯ ಮೊತ್ತವನ್ನು. ಒಂದೇ ಅಂಕಿ ಅಳಿಸಿಹೋಗಿದ್ದರೆ ಮೊತ್ತವೇ ಅದನ್ನು ಹೇಳಿಬಿಡುತ್ತದೆ.

ಇನ್ನು ಲೆಕ್ಕ. ಚೀಲ ಹೊಲಿದಷ್ಟೂ ಏರುವ ಖರ್ಚು ಬಟ್ಟೆ, ಕೂಲಿ, ದಾರ, ಕರೆಂಟು. ಒಂದು ಚೀಲಕ್ಕೆ ಅದು 30 ರೂಪಾಯಿ. 50ಕ್ಕೆ ಮಾರಿದರೆ 20 ಉಳಿಯಿತು. ಇದನ್ನು ಕಾಂಟ್ರಿಬ್ಯೂಷನ್ ಎನ್ನುತ್ತಾರೆ. ಈ 20 ಇನ್ನೂ ಲಾಭವಲ್ಲ. ಚೀಲ ಹೊಲಿದರೂ ಹೊಲಿಯದಿದ್ದರೂ ಮಳಿಗೆಯ ಬಾಡಿಗೆ, ಮೇಸ್ತ್ರಿಯ ಸಂಬಳ, ಯಂತ್ರದ ಸವಕಳಿ ಇದ್ದೇ ಇರುತ್ತವಲ್ಲ, ಆ ಸ್ಥಿರ ವೆಚ್ಚದ ಗುಂಡಿಯನ್ನು ಇಪ್ಪತ್ತು ಇಪ್ಪತ್ತಾಗಿ ತುಂಬುತ್ತಾ ಹೋಗಬೇಕು. ಎಷ್ಟನೇ ಚೀಲಕ್ಕೆ ಗುಂಡಿ ತುಂಬುತ್ತದೋ ಅದೇ ಬ್ರೇಕ್ ಈವನ್ ಪಾಯಿಂಟ್. ವ್ಯಾಪಾರಸ್ಥರ ಮಾತಿನಲ್ಲಿ, ಅಸಲು ಹುಟ್ಟುವ ಜಾಗ. ಅದನ್ನು ದಾಟಿ ಎಷ್ಟು ಮಾರಿದ್ದೇವೋ ಅದು ಮಾರ್ಜಿನ್ ಆಫ್ ಸೇಫ್ಟಿ. ಮಾರಾಟ ಅಷ್ಟು ಕುಸಿದರೂ ಕೈಯಿಂದ ಹಾಕಬೇಕಾಗಿಲ್ಲ.

ಹುಡುಗಿಗೆ ಇಷ್ಟೂ ಗೊತ್ತಿತ್ತು. 12 ರೂಪಾಯಿಯನ್ನು ಬದಲಾಗುವ ವೆಚ್ಚಕ್ಕೆ ಸೇರಿಸುವ ತಪ್ಪನ್ನು ಬಹಳ ಜನ ಮಾಡುತ್ತಾರೆ, ಅವಳು ಮಾಡಿರಲಿಲ್ಲ. ಅದನ್ನು ಬೇರೆ ಇಟ್ಟು, 8,000 ಚೀಲಕ್ಕೆ ಗುಣಿಸಿ, ಸ್ಥಿರ ವೆಚ್ಚ 96,000 ಎಂದಿದ್ದಳು. 20ರಿಂದ ಭಾಗಿಸಿದರೆ 4,800 ಚೀಲ. ಸುರಕ್ಷತೆಯ ಅಂತರ 3,200 ಚೀಲ, ಅಂದರೆ ಮಾರಾಟದ ಶೇ. 40. ತಾಳೆ ಕೂಡ ನೋಡಿದ್ದಳು. 3,200ನ್ನು 20ರಿಂದ ಗುಣಿಸಿದರೆ ಲಾಭ 64,000. ಒಂದು ಚೀಲಕ್ಕೆ 42 ಖರ್ಚು, 8 ಲಾಭ, 8,000 ಚೀಲಕ್ಕೆ ಅದೇ 64,000. ಎರಡು ದಾರಿಯಲ್ಲೂ ಒಂದೇ ಉತ್ತರ, ಎಲ್ಲವೂ ದುಂಡು ಸಂಖ್ಯೆ. ಇಷ್ಟು ಚೆನ್ನಾಗಿ ಹೊಂದಿಕೊಂಡ ಲೆಕ್ಕವನ್ನು ಅನುಮಾನಿಸುವುದು ಕಷ್ಟ.

ಫೋಟೊದಲ್ಲಿ ಒಂದು ಸಾಲು ಮಾತ್ರ ನನಗೆ ಚುಚ್ಚುತ್ತಿತ್ತು. ಸ್ಥಿರ ಓವರ್‌ಹೆಡ್ ಎಂಬ ಪದಗಳ ಪಕ್ಕದಲ್ಲಿ ಒಂದು ಕಂಸ ತೆರೆದುಕೊಂಡಿತ್ತು. ಮುಚ್ಚಿದ್ದು ಕಾಣಲಿಲ್ಲ. ಎಡಗಡೆ ಪುಟದ ಸಾಲುಗಳು ಹೊಲಿಗೆಯ ಕಡೆ ಬಾಗಿ ನೆರಳಿನಲ್ಲಿ ಮುಳುಗುತ್ತವೆ. ಪುಸ್ತಕವನ್ನು ಒತ್ತಿ ಅಗಲ ಮಾಡದೆ ಫೋಟೊ ತೆಗೆದರೆ ಪ್ರತಿ ಸಾಲಿನ ಕೊನೆಯ ಕೆಲವು ಪದ ಮಡಿಕೆಯೊಳಗೆ ಹೋಗುತ್ತವೆ. ಗೆಳತಿಗೆ ಫೋನ್ ಮಾಡಿ ಆ ಸಾಲನ್ನು ಪೂರ್ತಿ ಓದಿಸು ಎಂದೆ. ಐದು ನಿಮಿಷದಲ್ಲಿ ಸಂದೇಶ ಬಂತು. ಕಂಸದೊಳಗೆ ಇದ್ದದ್ದು ‘ವಾಡಿಕೆಯ ಉತ್ಪಾದನೆ 10,000 ಯೂನಿಟ್ ಎಂಬ ಲೆಕ್ಕದಲ್ಲಿ’ ಎಂಬರ್ಥದ ಮಾತು.

ಇಷ್ಟರಿಂದ ಲೆಕ್ಕವೇ ಬದಲಾಯಿತು. 12 ರೂಪಾಯಿ ಎಂಬುದು ಚೀಲ ಹೊಲಿದಾಗ ಕೈಬಿಡುವ ಹಣವಲ್ಲ. ವರ್ಷದ ಒಟ್ಟು ಸ್ಥಿರ ವೆಚ್ಚವನ್ನು ವಾಡಿಕೆಯ 10,000 ಚೀಲಕ್ಕೆ ಹಂಚಿದಾಗ ಒಂದರ ಪಾಲಿಗೆ ಬಂದ ಭಾಗ. ಹಂಚುವ ಮೊದಲಿದ್ದ ಮೊತ್ತ 1,20,000. ಈ ವರ್ಷ 8,000 ಚೀಲವಷ್ಟೇ ಹೊಲಿದರು ಎಂದು ಮಳಿಗೆಯ ಮಾಲೀಕ ಬಾಡಿಗೆ ಕಡಿಮೆ ಮಾಡುವುದಿಲ್ಲ. ಹೊಲಿಯದ 2,000 ಚೀಲದ ಪಾಲು, 24,000 ರೂಪಾಯಿ, ಯಾರ ಲೆಕ್ಕಕ್ಕೂ ಸೇರದೆ ಉಳಿದಿತ್ತು. ಹುಡುಗಿಯ 64,000 ಲಾಭದಲ್ಲಿ ಅದನ್ನು ಕಳೆದರೆ ನಿಜವಾದ ಲಾಭ 40,000.

ಈಗ 1,20,000ನ್ನು 20ರಿಂದ ಭಾಗಿಸಿದರೆ 6,000 ಚೀಲ, ರೂಪಾಯಿಯಲ್ಲಿ 3,00,000. ನಡೆದ ಮಾರಾಟ 4,00,000. ನಡುವಿನ ಅಂತರ 1,00,000 ರೂಪಾಯಿ ಅಥವಾ 2,000 ಚೀಲ, ಶೇ. 25. ಅಂತರದ 2,000 ಚೀಲಕ್ಕೆ ಇಪ್ಪತ್ತರಂತೆ ಲಾಭ ಸರಿಯಾಗಿ 40,000.

ತಾಳೆ ಎರಡೂ ಉತ್ತರಕ್ಕೆ ಕೂಡಿಬಂತು ನೋಡಿ. ಈ ತಾಳೆ ಹಿಡಿಯುವುದು ಕೂಡುವ, ಗುಣಿಸುವ ತಪ್ಪನ್ನು. ಓದುವಾಗಲೇ ಬಿಟ್ಟುಹೋದದ್ದು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಸ್ಥಿರ ವೆಚ್ಚವನ್ನು ಒಂದು ವಸ್ತುವಿಗೆ ಇಷ್ಟು ಎಂದು ಎಲ್ಲಿ ಕಂಡರೂ ಎಷ್ಟು ವಸ್ತುವಿಗೆ ಹಂಚಿದ್ದು ಎಂದು ಕೇಳಲೇಬೇಕು. ಉತ್ತರ ಫೋಟೊದಲ್ಲಿ ಇಲ್ಲದಿದ್ದರೆ ಇನ್ನೊಂದು ಫೋಟೊ ತರಿಸಬೇಕು. ಮಾರಾಟದ ಸಂಖ್ಯೆಯನ್ನೇ ಅಲ್ಲಿ ತುಂಬಿಕೊಳ್ಳಬಾರದು.

ಗೆಳತಿ ಓದಿಸಿದಾಗ ಹೆಬ್ಬೆರಳಿನ ಕೆಳಗಿದ್ದ ಎರಡನೇ ಪ್ರಶ್ನೆಯೂ ಹೊರಬಂತು: ಬೆಲೆಯನ್ನು ಶೇ. 10 ಇಳಿಸಿದರೆ? ಶೇ. 25ರ ಅಂತರ ಇದೆಯಲ್ಲ, ಹತ್ತು ಇಳಿಸಿದರೂ ಹದಿನೈದು ಉಳಿಯುತ್ತದೆ ಎಂದು ಮನಸ್ಸು ಹೇಳುತ್ತದೆ. ಹುಡುಗಿಯೂ ಹಾಗೇ ಅಂದಳು. ಆದರೆ ಈ ಅಂತರ ಅಳೆಯುವುದು ಮಾರುವ ಸಂಖ್ಯೆಯ ಕುಸಿತವನ್ನು, ಬೆಲೆಯದ್ದನ್ನಲ್ಲ. ಚೀಲಗಳ ಮಾರಾಟ ಕಮ್ಮಿಯಾದರೆ ಬಟ್ಟೆ, ಕೂಲಿಯ ಖರ್ಚೂ ಜೊತೆಗೇ ಕಮ್ಮಿಯಾಗುತ್ತದೆ. ಬೆಲೆ ಇಳಿಸಿದಾಗ ಬಟ್ಟೆ ಅಷ್ಟೇ ಬೇಕು, ಕೂಲಿ ಅಷ್ಟೇ ಕೊಡಬೇಕು. ಬಿಟ್ಟ 5 ರೂಪಾಯಿ ಪೂರ್ತಿ ಕಾಂಟ್ರಿಬ್ಯೂಷನ್‌ನಿಂದಲೇ ಹೋಗುತ್ತದೆ. 20 ಇದ್ದದ್ದು 15 ಆಯಿತು.

“1,20,000 ಭಾಗಿಸು 15” ಎಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. “8,000 ಚಿಕ್ಕಪ್ಪ. ಮಾರಿರೋದೇ ಅಷ್ಟು.”

ಅಂದರೆ ಅಂತರ ಸೊನ್ನೆ, ಲಾಭ ಸೊನ್ನೆ. ಮೊದಲಿನ 40,000 ಲಾಭ ಮತ್ತೆ ಬೇಕೆಂದರೆ 1,60,000ನ್ನು 15ರಿಂದ ಭಾಗಿಸಿ 10,667 ಚೀಲ ಮಾರಬೇಕು. ವಾಡಿಕೆಯ ಉತ್ಪಾದನೆಯೇ 10,000. ಅದನ್ನು ಮೀರಿದರೆ ಓವರ್‌ಟೈಮ್ ಕೊಡಬೇಕಾದೀತು, ಇನ್ನೊಂದು ಯಂತ್ರ ತರಬೇಕಾದೀತು. ಆಗ 9 ರೂಪಾಯಿ ಕೂಲಿಯೂ 1,20,000ವೂ ಹಾಗೇ ಇರುತ್ತವೆಂದು ನಂಬಿ ಈ ಸೂತ್ರ ಬಳಸುವಂತಿಲ್ಲ.

ಹುಡುಗಿ ತನ್ನ ಹಳೆಯ 96,000 ಇಟ್ಟುಕೊಂಡೂ ಎರಡನೇ ಪ್ರಶ್ನೆ ಮಾಡಿ ನೋಡಿದಳು. 6,400 ಚೀಲಕ್ಕೇ ಅಸಲು ಹುಟ್ಟಿ, ಬೆಲೆ ಇಳಿಸಿದ ಮೇಲೂ 24,000 ಲಾಭ ಉಳಿಯುವಂತೆ ಬಂತು. ಹೊಲಿಯದೇ ಇದ್ದ 2,000 ಚೀಲದ ಅದೇ 24,000.